ಡ್ಯಾಕ್ ಯಾವಾಗಲೂ 48 ಅಂತಲೇ ತೋರಿಸುತ್ತಿದೆಯಾ? ಫೋನ್‌ನಿಂದ ಯುಎಸ್‌ಬಿ ಡ್ಯಾಕ್‌ಗೆ ಹಾಡು ಕಳಿಸುವಾಗಿನ ದೋಷ ನಿವಾರಣೆ

ಆಂಡ್ರಾಯ್ಡ್ ಫೋನಿಗೆ ಹೊರಗಿನ ಯುಎಸ್‌ಬಿ ಡ್ಯಾಕ್ ಸಿಕ್ಕಿಸಿ ಹಾಡು ಕೇಳುವವರಿಗಾಗಿ ಇದನ್ನು ಬರೆದಿದ್ದೇನೆ. ಡ್ಯಾಕ್ ಅಂದರೆ ಹಾಡಿನ ಅಂಕಿಗಳನ್ನು ಕಿವಿಗೆ ಕೇಳುವ ಸದ್ದಾಗಿ ಬದಲಿಸುವ ಸಾಧನ. ಅದು ಹೆಬ್ಬೆರಳಿನಷ್ಟು ಚಿಕ್ಕ ಡಾಂಗಲ್ ಆಗಿರಬಹುದು, ಮೇಜಿನ ಮೇಲಿಡುವ ದೊಡ್ಡ ಪೆಟ್ಟಿಗೆಯೂ ಆಗಿರಬಹುದು. ಬಿಟ್-ಪರ್ಫೆಕ್ಟ್ ಅಂದರೆ ಹಾಡಿನ ಫೈಲಿನಲ್ಲಿ ಇರುವ ಅಂಕಿಗಳು ಒಂದೂ ಬದಲಾಗದೆ ಡ್ಯಾಕ್ ತಲುಪುವುದು. ದಾರಿಯಲ್ಲಿ ಯಾರೂ ವಾಲ್ಯೂಮ್ ಇಳಿಸಬಾರದು, ಈಕ್ವಲೈಸರ್ ಹಾಕಬಾರದು, ಸ್ಯಾಂಪಲ್ ರೇಟ್ ಬದಲಿಸಬಾರದು. ಸ್ಯಾಂಪಲ್ ರೇಟ್ ಅಂದರೆ ಸೆಕೆಂಡಿಗೆ ಹಾಡಿನ ಎಷ್ಟು ಅಂಕಿಗಳು ಅನ್ನುವ ಲೆಕ್ಕ. ಡ್ಯಾಕ್ ತೋರಿಸುವ 48 ಅಂದರೆ 48 ಕಿಲೋಹರ್ಟ್ಸ್ ಅನ್ನುವ ರೇಟ್.

ಮುಂದೆ ಓದುವ ಮೊದಲು ಒಂದು ಎಚ್ಚರಿಕೆ. ಬಿಟ್-ಪರ್ಫೆಕ್ಟ್ ಸೆಟ್ಟಿಂಗ್ ಆನ್ ಮಾಡಿದಾಗ ಎಷ್ಟೋ ಸಲ ಫೋನಿನ ವಾಲ್ಯೂಮ್ ಬಟನ್ ಕೆಲಸ ಮಾಡುವುದಿಲ್ಲ. ಆಗ ಡ್ಯಾಕ್ ಪೂರ್ತಿ ಜೋರಿನಲ್ಲಿ ಹಾಡುತ್ತದೆ. ಕಿವಿಯೊಳಗೆ ಕೂರುವ ಇಯರ್‌ಫೋನ್ ಹಾಕಿಕೊಂಡಿದ್ದರೆ ಕಿವಿಗೆ ನಿಜವಾಗಿಯೂ ಹಾನಿಯಾಗಬಹುದು. ಹಾಗಾಗಿ ಇಲ್ಲಿನ ಯಾವ ಸೆಟ್ಟಿಂಗ್ ಬದಲಿಸಿದರೂ ಮೊದಲ ಸಲ ಪ್ಲೇ ಒತ್ತುವಾಗ ಇಯರ್‌ಫೋನ್ ಮೇಜಿನ ಮೇಲೆ ಇರಲಿ. ಎಷ್ಟು ಜೋರಿದೆ ಅಂತ ದೂರದಿಂದಲೇ ಕೇಳಿ, ಆಮೇಲೆ ಹಾಕಿಕೊಳ್ಳಿ.

## ಡ್ಯಾಕ್ ಸಿಕ್ಕಿಸಿದರೂ ಫೋನಿಗೆ ಗೊತ್ತೇ ಆಗುತ್ತಿಲ್ಲ

ಮೊದಲು ಡ್ಯಾಕ್‌ನ ಲೈಟ್ ನೋಡಿ. ಲೈಟೇ ಬರಲಿಲ್ಲ ಅಂದರೆ ಕರೆಂಟ್ ಹೋಗುತ್ತಿಲ್ಲ. ಲೈಟ್ ಬಂದೂ ಫೋನ್ ಸುಮ್ನೆ ಇದ್ದರೆ ಡೇಟಾ ಹೋಗುತ್ತಿಲ್ಲ. ಈ ಎರಡನ್ನು ಬೇರೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಲೈಟ್ ಇಲ್ಲದಿದ್ದರೆ ಒಟಿಜಿ, ಅಂದರೆ ಫೋನಿಗೆ ಯುಎಸ್‌ಬಿ ಸಾಧನ ಸಿಕ್ಕಿಸಲು ಬಿಡುವ ಸೆಟ್ಟಿಂಗ್ ಹುಡುಕಿ. ಒಪ್ಪೋ, ರಿಯಲ್‌ಮಿ, ಒನ್‌ಪ್ಲಸ್, ವಿವೋ ಥರದ ಹಲವು ಫೋನ್‌ಗಳಲ್ಲಿ ಒಟಿಜಿಗೆ ಬೇರೆಯೇ ಸ್ವಿಚ್ ಇರುತ್ತದೆ. ಸ್ವಲ್ಪ ಹೊತ್ತು ಏನೂ ಸಿಕ್ಕಿಸದಿದ್ದರೆ ಅದು ತಾನಾಗಿ ಆಫ್ ಆಗುವ ಫೋನ್‌ಗಳೂ ಇವೆ. ನಿನ್ನೆ ಹಾಡಿದ್ದು ಇವತ್ತು ಹಾಡುತ್ತಿಲ್ಲ ಅನ್ನುವವರು ಮೊದಲು ನೋಡಬೇಕಾದ್ದು ಇದನ್ನೇ. ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ OTG ಅಂತ ಟೈಪ್ ಮಾಡಿದರೆ ಸಿಗುತ್ತದೆ.

ಆಮೇಲೆ ಸಿ-ಪಿನ್ ಅನ್ನು ತೆಗೆದು, ತಿರುಗಿಸಿ, ಮತ್ತೆ ಹಾಕಿ. ಸಿ-ಪಿನ್ ಎರಡೂ ಕಡೆಯಿಂದ ಕೆಲಸ ಮಾಡಬೇಕು. ಒಂದೇ ಕಡೆಯಿಂದ ಮಾತ್ರ ಕೆಲಸ ಮಾಡಿದರೆ ಪೋರ್ಟ್ ಒಳಗಿನ ಅಥವಾ ಕೇಬಲ್‌ನ ಯಾವುದೋ ಒಂದು ಸಂಪರ್ಕ ಹೋಗಿದೆ ಅಂತ ಅರ್ಥ. ಜೇಬಿನ ಬಟ್ಟೆಯ ನಾರು, ಧೂಳು ಪೋರ್ಟಿನ ತಳದಲ್ಲಿ ಗಟ್ಟಿಯಾಗಿ ಕೂತಿರುವುದೇ ಜಾಸ್ತಿ. ಫೋನ್ ಪೂರ್ತಿ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ನಿಧಾನಕ್ಕೆ ಕೆರೆದು ತೆಗೆಯಿರಿ. ಸೂಜಿ, ಪಿನ್ನು, ಸಿಮ್ ತೆಗೆಯುವ ಕಡ್ಡಿ ಬೇಡ. ಪೋರ್ಟಿನಲ್ಲಿ ತೇವ ಇದೆ ಅಂತ ಫೋನ್ ಹೇಳುತ್ತಿದ್ದರೆ ಒಣಗುವ ತನಕ ಏನನ್ನೂ ಸಿಕ್ಕಿಸಬೇಡಿ.

ಮೂರನೆಯದು ಕೇಬಲ್. ಚಾರ್ಜರ್ ಜೊತೆ ಬಂದ ಕೇಬಲ್‌ಗಳಲ್ಲಿ ಕೆಲವಕ್ಕೆ ಡೇಟಾ ತಂತಿಯೇ ಇರುವುದಿಲ್ಲ. ಆ ಕೇಬಲ್‌ನಿಂದ ಫೋನನ್ನು ಕಂಪ್ಯೂಟರ್‌ಗೆ ಸಿಕ್ಕಿಸಿ ನೋಡಿ. ಫೋನಿನ ಫೈಲ್‌ಗಳು ಕಾಣದೆ ಬರೀ ಚಾರ್ಜ್ ಆದರೆ ಅದು ಡ್ಯಾಕ್‌ಗೂ ಆಗುವುದಿಲ್ಲ.

ಇದರಲ್ಲೇ ಒಂದು ವಿಚಿತ್ರ ಪ್ರಸಂಗ ಇದೆ. ಕೇಬಲ್ ಚೆನ್ನಾಗಿದೆ, ಪೋರ್ಟ್ ಚೆನ್ನಾಗಿದೆ, ಕಂಪ್ಯೂಟರ್‌ನಲ್ಲಿ ಡ್ಯಾಕ್ ಹಾಡುತ್ತದೆ, ಫೋನಿಗೆ ಸಿ-ಟು-ಸಿ ಕೇಬಲ್‌ನಲ್ಲಿ ಹಾಕಿದರೆ ಮಾತ್ರ ಜೀವವೇ ಇಲ್ಲ. ಸಿ ಪೋರ್ಟ್‌ನಲ್ಲಿ ಆ ಕಡೆ ಒಂದು ಸಾಧನ ಸಿಕ್ಕಿಸಿದೆ ಅಂತ ಫೋನಿಗೆ ತಿಳಿಯುವುದು 5.1 ಕಿಲೋ ಓಮ್‌ನ ಒಂದು ಪುಟ್ಟ ರೆಸಿಸ್ಟರ್‌ನಿಂದ. ಅಗ್ಗದ ಕೆಲವು ಡ್ಯಾಕ್‌ಗಳಲ್ಲಿ ಅದನ್ನು ಹಾಕಿರುವುದೇ ಇಲ್ಲ. ಆಗ ಫೋನ್ ಕರೆಂಟ್ ಕೊಡುವುದಿಲ್ಲ. ಇದಕ್ಕೆ ಅಗ್ಗದ ಪರಿಹಾರ ಇದೆ. ಫೋನಿಗೆ ಒಂದು ಒಟಿಜಿ ಅಡಾಪ್ಟರ್ ಹಾಕಿ, ಅದರಿಂದ ಡ್ಯಾಕ್‌ಗೆ ಹಳೆಯ ಎ-ಟು-ಸಿ ಕೇಬಲ್ ಹಾಕಿ. ಆ ರೆಸಿಸ್ಟರ್ ಅಡಾಪ್ಟರ್‌ನಲ್ಲೇ ಇರುತ್ತದೆ.

ಮೇಜಿನ ಮೇಲಿಡುವ ದೊಡ್ಡ ಡ್ಯಾಕ್ ಒಂದು ಕ್ಷಣ ಲೈಟ್ ತೋರಿಸಿ ಆರಿದರೆ, ಫೋನ್ ಕೊಡುವ ಕರೆಂಟ್ ಅದಕ್ಕೆ ಸಾಲುತ್ತಿಲ್ಲ. ಅದಕ್ಕೆ ಬೇರೆ ಪವರ್ ಹಾಕುವ ಪೋರ್ಟ್ ಇದ್ದರೆ ಬಳಸಿ. ಇಲ್ಲದಿದ್ದರೆ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಬೇಕು.

## ಡ್ಯಾಕ್ ಸಿಕ್ಕಿದೆ, ಹಾಡು ಮಾತ್ರ ಫೋನಿನ ಸ್ಪೀಕರ್‌ನಲ್ಲೇ ಬರುತ್ತಿದೆ

ಯಾವ ಆಪ್‌ನಲ್ಲಿ ಹೀಗಾಗುತ್ತಿದೆ ಅಂತ ನೋಡಿ. ಎಲ್ಲಾ ಆಪ್‌ಗಳಲ್ಲೂ ಆದರೆ ಡೆವಲಪರ್ ಆಪ್ಶನ್ಸ್‌ಗೆ ಹೋಗಿ `Disable USB audio routing` ಅನ್ನುವ ಸ್ವಿಚ್ ಹುಡುಕಿ. ಅದು ಆನ್ ಆಗಿದ್ದರೆ ಆಂಡ್ರಾಯ್ಡ್ ತಾನಾಗಿ ಡ್ಯಾಕ್ ಕಡೆಗೆ ಸದ್ದು ಕಳಿಸುವುದಿಲ್ಲ. ಯಾವುದೋ ಸಲಹೆ ನೋಡಿ ಹಿಂದೆ ಆನ್ ಮಾಡಿ ಮರೆತಿರುತ್ತೇವೆ. ಸಾಮಾನ್ಯ ಬಳಕೆಗೆ ಅದು ಆಫ್ ಇರಬೇಕು.

ಡ್ಯಾಕ್ ಜೊತೆ ನೇರವಾಗಿ ಮಾತಾಡುವ ಒಂದು ಮ್ಯೂಸಿಕ್ ಆಪ್‌ನಲ್ಲಿ ಮಾತ್ರ ಹೀಗಾದರೆ ಅದಕ್ಕೆ ಡ್ಯಾಕ್ ಬಳಸುವ ಅನುಮತಿ ಸಿಕ್ಕಿಲ್ಲದಿರಬಹುದು. ಡ್ಯಾಕ್ ಸಿಕ್ಕಿಸಿದ ತಕ್ಷಣ ಪರದೆಯ ಮೇಲೆ ಅನುಮತಿ ಕೇಳುವ ಒಂದು ಪೆಟ್ಟಿಗೆ ಬರುತ್ತದೆ. ಅವಸರದಲ್ಲಿ ಅದನ್ನು ಮುಚ್ಚಿದ್ದರೆ ಡ್ಯಾಕ್ ಕಿತ್ತು ಮತ್ತೆ ಸಿಕ್ಕಿಸಿ, ಈ ಸಲ ಒಪ್ಪಿಗೆ ಕೊಡಿ. ಇಂಥ ಎರಡು ಆಪ್‌ಗಳಿದ್ದರೆ ಎರಡೂ ಒಂದೇ ಡ್ಯಾಕ್‌ಗೆ ಜಗಳ ಆಡುತ್ತವೆ. ಒಂದನ್ನು ಫೋರ್ಸ್ ಸ್ಟಾಪ್ ಮಾಡಿ ನೋಡಿ.

## ಯಾವ ಹಾಡು ಹಾಕಿದರೂ ಡ್ಯಾಕ್ 48 ಅಂತಲೇ ತೋರಿಸುತ್ತಿದೆ

ಜನ ಜಾಸ್ತಿ ತಲೆಕೆಡಿಸಿಕೊಳ್ಳುವುದು ಇಲ್ಲೇ. ಇದು ಹಾಳಾದ ಸಾಧನದ ಲಕ್ಷಣ ಅಲ್ಲ. ಆಂಡ್ರಾಯ್ಡ್ ಕೆಲಸ ಮಾಡುವ ರೀತಿಯೇ ಹೀಗೆ.

ಫೋನಿನಲ್ಲಿ ಹಾಡು, ಮೆಸೇಜ್ ಬಂದ ಸದ್ದು, ಮ್ಯಾಪ್ ಹೇಳುವ ದಾರಿ ಎಲ್ಲವೂ ಒಟ್ಟಿಗೆ ಬರಬಹುದು. ಇವನ್ನೆಲ್ಲ ಬೆರೆಸಿ ಒಂದೇ ಧಾರೆ ಮಾಡುವ ಮಿಕ್ಸರ್ ಒಂದು ಆಂಡ್ರಾಯ್ಡ್ ಒಳಗಿದೆ. ಬೆರೆಸಬೇಕಾದರೆ ಎಲ್ಲವೂ ಒಂದೇ ಸ್ಯಾಂಪಲ್ ರೇಟಿನಲ್ಲಿ ಇರಬೇಕು. ಬಹಳಷ್ಟು ಫೋನ್‌ಗಳಲ್ಲಿ ಆ ರೇಟ್ 48 ಕಿಲೋಹರ್ಟ್ಸ್. ಸಿಡಿಯಿಂದ ಬಂದ ಹಾಡು 44.1 ಕಿಲೋಹರ್ಟ್ಸ್‌ನದು. ಹಾಗಾಗಿ ಮಿಕ್ಸರ್ ಹಾಡಿನ ಪ್ರತಿ 147 ಸ್ಯಾಂಪಲ್‌ಗಳ ಜಾಗದಲ್ಲಿ 160 ಹೊಸ ಸ್ಯಾಂಪಲ್ ಲೆಕ್ಕ ಹಾಕಿ ಡ್ಯಾಕ್‌ಗೆ ಕಳಿಸುತ್ತದೆ. 96 ಅಥವಾ 192ರ ಫೈಲ್ ಹಾಕಿದರೆ ಅದನ್ನು ಕೆಳಗಿಳಿಸುತ್ತದೆ. ಕೆಲವು ಫೋನ್‌ಗಳಲ್ಲಿ 48ರ ಬದಲು ಯಾವಾಗಲೂ 96 ಅಥವಾ 192 ಕಾಣಬಹುದು. ನೋಡಲು ಖುಷಿಯಾಗುತ್ತದೆ, ಆದರೆ ಒಳಗೆ ನಡೆಯುತ್ತಿರುವುದು ಅದೇ ಪರಿವರ್ತನೆ.

ಈಗಿನ ಫೋನ್‌ಗಳಲ್ಲಿ ಈ ಪರಿವರ್ತನೆ ಚೆನ್ನಾಗೇ ಆಗುತ್ತದೆ. 44.1ರಿಂದ 48ಕ್ಕೆ ಹೋದ ಹಾಡನ್ನು ಕಿವಿಯಿಂದ ಗುರುತಿಸುವುದು ಬಹಳ ಕಷ್ಟ. ಆದರೂ ದುಡ್ಡು ಕೊಟ್ಟು ತಂದ ಡ್ಯಾಕ್‌ಗೆ ಫೈಲಿನಲ್ಲಿ ಇದ್ದದ್ದೇ ಹೋಗಲಿ ಅನ್ನುವುದು ನ್ಯಾಯವಾದ ಆಸೆ. ಮಾಡುವುದಕ್ಕೂ ಕಷ್ಟ ಇಲ್ಲ.

ಇದಕ್ಕೆ ಎರಡು ದಾರಿ ಇವೆ. ಮೊದಲನೆಯದು ತನ್ನದೇ ಯುಎಸ್‌ಬಿ ಡ್ರೈವರ್ ಇರುವ ಆಪ್ ಬಳಸುವುದು. ಹೈಬಿ ಮ್ಯೂಸಿಕ್ ಉಚಿತ. ಯುಎಸ್‌ಬಿ ಆಡಿಯೋ ಪ್ಲೇಯರ್ ಪ್ರೋ ಮತ್ತು ನ್ಯೂಟ್ರಾನ್‌ಗೆ ದುಡ್ಡು ಕೊಡಬೇಕು. ಈ ಆಪ್‌ಗಳು ಆಂಡ್ರಾಯ್ಡ್ ಮಿಕ್ಸರನ್ನು ಮುಟ್ಟದೆ ನೇರವಾಗಿ ಡ್ಯಾಕ್ ಜೊತೆ ಮಾತಾಡುತ್ತವೆ. ಇವು ತಮ್ಮೊಳಗೆ ತೆರೆದ ಹಾಡನ್ನು ಮಾತ್ರ ಹೀಗೆ ಕಳಿಸಬಲ್ಲವು. ಬೇರೆ ಸ್ಟ್ರೀಮಿಂಗ್ ಆಪ್‌ನ ಸದ್ದನ್ನು ಇವು ಹಿಡಿದು ಕಳಿಸಲಾರವು.

ಎರಡನೆಯದು ಆಂಡ್ರಾಯ್ಡ್ 14ರಲ್ಲಿ ಬಂದ ಬಿಟ್-ಪರ್ಫೆಕ್ಟ್ ಸೌಲಭ್ಯ. ಇದರಲ್ಲಿ ಹಾಡಿನ ಆಪ್ ತನಗೆ ಮಿಕ್ಸರ್ ಬೇಡ ಅಂತ ಆಂಡ್ರಾಯ್ಡ್ ಹತ್ತಿರವೇ ಕೇಳಬಹುದು. ಆದರೆ ಕೇಳುವ ಕೆಲಸವನ್ನು ಆಪ್ ಮಾಡಿರಬೇಕು, ಕೊಡುವ ಕೆಲಸವನ್ನು ಫೋನ್ ಕಂಪನಿ ಮಾಡಿರಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಡ್ಯಾಕ್ 48 ಅಂತಲೇ ತೋರಿಸುತ್ತದೆ. ಫೋನಿನಲ್ಲಿ ಆಂಡ್ರಾಯ್ಡ್ 14 ಇದೆ ಅಂದ ಮಾತ್ರಕ್ಕೆ ಆಯಿತು ಅಂದುಕೊಳ್ಳಬೇಡಿ.

ನಿಮ್ಮ ಡ್ಯಾಕ್‌ಗೆ ಪರದೆಯೂ ಇಲ್ಲ, ಬಣ್ಣ ಬದಲಿಸುವ ಲೈಟೂ ಇಲ್ಲ ಅಂದರೆ ಆಂಡ್ರಾಯ್ಡ್ ಏನು ಕಳಿಸುತ್ತಿದೆ ಅಂತ ಕಂಪ್ಯೂಟರ್‌ನಿಂದ ನೋಡಬಹುದು. ಫೋನಿನ ಪೋರ್ಟಿನಲ್ಲಿ ಡ್ಯಾಕ್ ಕೂತಿರುವುದರಿಂದ ವೈಫೈ ಮೂಲಕ ಹೋಗಬೇಕು. ಆಂಡ್ರಾಯ್ಡ್ 11ರಿಂದ ಈಚೆಗೆ ಡೆವಲಪರ್ ಆಪ್ಶನ್ಸ್‌ನಲ್ಲಿ `Wireless debugging` ಇದೆ. ಅದನ್ನು ಆನ್ ಮಾಡಿ, ಆಂಡ್ರಾಯ್ಡ್‌ನ adb ಸಲಕರಣೆ ಹಾಕಿರುವ ಕಂಪ್ಯೂಟರ್ ಜೊತೆ `adb pair` ಮೂಲಕ ಪೇರ್ ಮಾಡಿ, ಹಾಡು ನುಡಿಯುತ್ತಿರುವಾಗಲೇ ಕಂಪ್ಯೂಟರ್‌ನ ಟರ್ಮಿನಲ್‌ನಲ್ಲಿ ಇದನ್ನು ಕೊಡಿ. ವಿಳಾಸ ಮತ್ತು ಪೋರ್ಟ್ ಸಂಖ್ಯೆ ನಿಮ್ಮ ಫೋನ್ ತೋರಿಸುವುದು ಇರಲಿ.

```
adb connect 192.168.1.20:37100
adb shell dumpsys media.audio_flinger
```

ಉದ್ದನೆಯ ಪಟ್ಟಿ ಬರುತ್ತದೆ. ಅದರಲ್ಲಿ `USB` ಅಂತ ಇರುವ ಔಟ್‌ಪುಟ್‌ನ ಭಾಗ ಹುಡುಕಿ. ಅಲ್ಲಿ `MIXER` ಮತ್ತು `Sample rate: 48000 Hz` ಅಂತ ಇದ್ದರೆ ಹಾಡು ಮಿಕ್ಸರ್ ಮೂಲಕವೇ ಹೋಗುತ್ತಿದೆ. ಆಂಡ್ರಾಯ್ಡ್ 14ರ ಸೌಲಭ್ಯ ಕೆಲಸ ಮಾಡುತ್ತಿದ್ದರೆ `BIT_PERFECT` ಅಂತ ಇರುತ್ತದೆ. ಸ್ವಂತ ಡ್ರೈವರ್ ಇರುವ ಆಪ್ ಹಾಡುತ್ತಿದ್ದರೆ ಆ ಹಾಡು ಈ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಅದು ಆಂಡ್ರಾಯ್ಡ್‌ನ ದಾರಿ ಬಿಟ್ಟು ಹೋಗಿದೆ ಅನ್ನುವುದಕ್ಕೆ ಅದೂ ಒಂದು ಗುರುತು.

## ಡ್ಯಾಕ್ 44.1 ತೋರಿಸುತ್ತಿದೆ. ಇಷ್ಟಾದರೆ ಬಿಟ್-ಪರ್ಫೆಕ್ಟ್ ಆಯ್ತಾ?

ಆಗಿರಲೇಬೇಕು ಅಂತ ಇಲ್ಲ. ಮೈಸೂರಿನಲ್ಲಿರುವ ನನ್ನ ಸೋದರಮಾವನ ಮನೆಯಲ್ಲಿ ನಡೆದದ್ದನ್ನು ಹೇಳಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಮಾವನ ಹತ್ತಿರ ವೀಣೆ ಸಿಡಿಗಳ ದೊಡ್ಡ ಗಂಟೇ ಇದೆ. ಅವನ್ನೆಲ್ಲ 16 ಬಿಟ್, 44.1ರ ಫ್ಲ್ಯಾಕ್ ಫೈಲ್‌ಗಳಾಗಿ ಫೋನಿಗೆ ತುಂಬಿಕೊಂಡಿದ್ದಾರೆ. ಡ್ಯಾಕ್ ಮೇಜಿನ ಮೇಲೆ ಇಡುವಂಥದ್ದು, ಮುಂದೆ ಪುಟ್ಟ ಪರದೆ ಮತ್ತು ತಿರುಗಿಸುವ ವಾಲ್ಯೂಮ್ ಇದೆ. "ನೋಡೋ, ಏನು ಹಾಕಿದ್ರೂ ಇದು ನಲವತ್ತೆಂಟೇ ಅಂತಿದೆ" ಅಂದರು. ಫೋನಿನ ಜೊತೆ ಬಂದ ಆಪ್‌ನಲ್ಲಿ ಕೇಳುತ್ತಿದ್ದರು. ಯುಎಸ್‌ಬಿ ಆಡಿಯೋ ಪ್ಲೇಯರ್ ಪ್ರೋ ಹಾಕಿ, ಅನುಮತಿ ಕೊಟ್ಟು, ಅದೇ ಹಾಡು ತೆರೆದೆವು. ಪರದೆಯಲ್ಲಿ 44.1 ಬಂತು. ಮಾವನಿಗೆ ಸಮಾಧಾನ ಆಯಿತು.

ಆದರೆ ಫೋನಿನ ವಾಲ್ಯೂಮ್ ಬಟನ್ ಒತ್ತಿದರೆ ಹಾಡು ಮೆಲ್ಲಗೆ ಆಗುತ್ತಿತ್ತು, ಡ್ಯಾಕ್‌ನ ಪರದೆಯಲ್ಲಿ ವಾಲ್ಯೂಮ್ ಸಂಖ್ಯೆ ಮಾತ್ರ ಕದಲುತ್ತಿರಲಿಲ್ಲ. ಇದು ಒಳ್ಳೆಯ ಸುಳಿವು. ಡ್ಯಾಕ್ ತನ್ನ ವಾಲ್ಯೂಮ್ ಇಳಿಸಿಲ್ಲ, ಆದರೂ ಸದ್ದು ಕಡಿಮೆಯಾಗಿದೆ ಅಂದರೆ ಆಪ್ ಹಾಡಿನ ಅಂಕಿಗಳನ್ನೇ ಗುಣಿಸಿ ಚಿಕ್ಕದು ಮಾಡುತ್ತಿದೆ. ರೇಟ್ ಸರಿ ಇದೆ, ಬಿಟ್‌ಗಳು ಸರಿ ಇಲ್ಲ. ಡ್ಯಾಕ್‌ನ ವಾಲ್ಯೂಮನ್ನು ತಳಕ್ಕೆ ತಿರುಗಿಸಿಟ್ಟು, ಆಪ್‌ನಲ್ಲಿ ಬಿಟ್-ಪರ್ಫೆಕ್ಟ್ ಆನ್ ಮಾಡಿದೆವು. ಫೋನಿನ ಬಟನ್ ಸುಮ್ಮನಾಯಿತು. ಅಲ್ಲಿಂದ ಮುಂದೆ ಜೋರು, ಮೆಲ್ಲಗೆ ಎಲ್ಲ ಡ್ಯಾಕ್‌ನ ತಿರುಗಣೆಯಿಂದಲೇ.

ಇದಕ್ಕೆ ಪಕ್ಕಾ ಸಾಕ್ಷಿ ಬೇಕು ಅನ್ನುವವರಿಗೆ ದುಡ್ಡು ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಇದು ಡಿಎಸ್‌ಡಿ ಓದುವ ಡ್ಯಾಕ್‌ಗಳಲ್ಲಿ ಮಾತ್ರ ನಡೆಯುತ್ತದೆ. ಡಿಎಸ್‌ಡಿ ಅಂದರೆ ಹಾಡನ್ನು ಒಂದೊಂದೇ ಬಿಟ್‌ನಲ್ಲಿ, ಬಹಳ ವೇಗವಾಗಿ ದಾಖಲಿಸುವ ಬೇರೊಂದು ಬಗೆಯ ಫೈಲ್. ಡಿಎಸ್‌ಡಿ ಹಾಡನ್ನು ಮಾಮೂಲು ಪಿಸಿಎಂ ಹಾಡಿನ ವೇಷದಲ್ಲಿ ಕಳಿಸುವ ಡಿಒಪಿ ಅನ್ನುವ ಕ್ರಮ ಇದೆ. ಇದರಲ್ಲಿ 24 ಬಿಟ್‌ನ ಪ್ರತಿ ಸ್ಯಾಂಪಲ್‌ನ ಮೇಲಿನ 8 ಬಿಟ್‌ನಲ್ಲಿ ಒಂದು ಗುರುತು ಇರುತ್ತದೆ. ಒಂದರಲ್ಲಿ `05`, ಮುಂದಿನದರಲ್ಲಿ `FA`, ಹೀಗೆ ಒಂದಾದ ಮೇಲೊಂದು. ಈ ಗುರುತು ಸಾಲಾಗಿ ಕಂಡರೆ ಮಾತ್ರ ಡ್ಯಾಕ್ ಇದು ಡಿಎಸ್‌ಡಿ ಅಂತ ಗುರುತಿಸಿ ತನ್ನ ಡಿಎಸ್‌ಡಿ ಲೈಟ್ ಹಾಕುತ್ತದೆ. ದಾರಿಯಲ್ಲಿ ವಾಲ್ಯೂಮ್ ಚೂರು ಇಳಿದಿರಲಿ, ರೇಟ್ ಬದಲಾಗಿರಲಿ, ಈಕ್ವಲೈಸರ್ ಇರಲಿ, ಗುರುತು ಅಳಿಸಿಹೋಗುತ್ತದೆ, ಲೈಟ್ ಬರುವುದಿಲ್ಲ.

ಡಿಎಸ್‌ಡಿ64ರ ಒಂದು ಫೈಲ್ ಸಾಕು. ನಾರ್ವೆಯ 2L ಕಂಪನಿಯ ತಾಣದಲ್ಲಿ ಉಚಿತ ಮಾದರಿಗಳು ಸಿಗುತ್ತವೆ. ಆಪ್‌ನಲ್ಲಿ ಡಿಎಸ್‌ಡಿಗೆ `DoP` ಆರಿಸಿ. `Native` ಆರಿಸಿದರೆ ಗುರುತಿನ ಕೆಲಸವೇ ಇಲ್ಲ, ಹಾಗಾಗಿ ಲೈಟ್ ಬಂದರೂ ನಮ್ಮ ಪರೀಕ್ಷೆಗೆ ಉಪಯೋಗವಿಲ್ಲ. ಇಯರ್‌ಫೋನ್ ಮೇಜಿನ ಮೇಲಿಟ್ಟು ಪ್ಲೇ ಒತ್ತಿ. ದಾರಿ ಕೆಟ್ಟಿದ್ದರೆ ಹಾಡಿನ ಬದಲು ಸುಂಯ್ ಅನ್ನುವ ಸದ್ದು ಬರುತ್ತದೆ. ಬಂದರೆ ತಕ್ಷಣ ನಿಲ್ಲಿಸಿ. ಲೈಟೂ ಇಲ್ಲ, ಸುಂಯ್ ಸದ್ದೂ ಇಲ್ಲ, ಹಾಡು ಚೆನ್ನಾಗಿ ಬರುತ್ತಿದೆ ಅಂದರೆ ಆಪ್ ತಾನೇ ಅದನ್ನು ಪಿಸಿಎಂ ಮಾಡಿ ಕಳಿಸುತ್ತಿದೆ. ಸೆಟ್ಟಿಂಗ್ ಇನ್ನೊಮ್ಮೆ ನೋಡಿ. ಮಾವನ ಡ್ಯಾಕ್‌ನಲ್ಲಿ ಮೊದಲು ಹೀಗೇ ಆಯಿತು. `DoP` ಆರಿಸಿದ ಮೇಲೆ ಡಿಎಸ್‌ಡಿ ಲೈಟ್ ಬಂತು. ಅಲ್ಲಿಗೆ ಆ ಕೇಬಲ್, ಆ ಡ್ರೈವರ್, ಆ ಫೋನ್ ಮೂರೂ ಬಿಟ್‌ಗಳನ್ನು ಮುಟ್ಟುತ್ತಿಲ್ಲ ಅಂತ ಖಾತ್ರಿಯಾಯಿತು.

ಒಂದು ಮಿತಿ ಮಾತ್ರ ನೆನಪಿರಲಿ. ಡಿಎಸ್‌ಡಿ ನುಡಿಸುವಾಗ ಈಕ್ವಲೈಸರ್, ಹಾಡುಗಳ ಜೋರನ್ನು ಸಮ ಮಾಡುವ ರಿಪ್ಲೇಗೇನ್ ಥರದವನ್ನು ಆಪ್ ತಾನಾಗಿ ಪಕ್ಕಕ್ಕಿಡಬಹುದು. ಮಾಮೂಲು ಫ್ಲ್ಯಾಕ್ ಹಾಡಿಗೆ ಅವು ಮತ್ತೆ ಸೇರಿಕೊಳ್ಳಬಹುದು. ಆದ್ದರಿಂದ ರಿಪ್ಲೇಗೇನ್, ಈಕ್ವಲೈಸರ್, ಕ್ರಾಸ್‌ಫೀಡ್, ಅಪ್‌ಸ್ಯಾಂಪ್ಲಿಂಗ್ ಇವು ಆಫ್ ಇವೆಯಾ ಅಂತ ಕಣ್ಣಿಂದ ನೋಡಲೇಬೇಕು.

ಇಲ್ಲಿ ಹಲವರಿಗೆ ಇನ್ನೊಂದು ಅನುಮಾನ ಬರುತ್ತದೆ. 16 ಬಿಟ್‌ನ ಹಾಡಿಗೆ ಡ್ಯಾಕ್ ಅಥವಾ ಆಪ್ 24 ಅಥವಾ 32 ಬಿಟ್ ಅಂತ ತೋರಿಸುತ್ತದೆ. ಇದು ದೋಷ ಅಲ್ಲ. 16 ಬಿಟ್‌ನ ಕೊನೆಗೆ ಸೊನ್ನೆಗಳನ್ನು ಸೇರಿಸಿ ಕಳಿಸುತ್ತಾರೆ ಅಷ್ಟೇ. ಇದ್ದ ಬಿಟ್‌ಗಳು ಹಾಗೇ ಇರುತ್ತವೆ.

## ಸದ್ದು ತೀರಾ ಮೆಲ್ಲಗಿದೆ, ಇಲ್ಲವೇ ತೀರಾ ಜೋರು

ಬಹಳಷ್ಟು ಡಾಂಗಲ್‌ಗಳ ಒಳಗೆ ಅವುಗಳದ್ದೇ ಹಾರ್ಡ್‌ವೇರ್ ವಾಲ್ಯೂಮ್ ಇರುತ್ತದೆ. ಇದು ಫೋನಿನ ವಾಲ್ಯೂಮ್‌ನಿಂದ ಬೇರೆ. ಆಪಲ್ ಕಂಪನಿಯ ಸಿ-ಪಿನ್ ಡಾಂಗಲ್ ಇದಕ್ಕೆ ಹೆಸರುವಾಸಿ. ಹಲವು ಆಂಡ್ರಾಯ್ಡ್ ಫೋನ್‌ಗಳಿಗೆ ಹಾಕಿದಾಗ ಅದರ ಒಳಗಿನ ವಾಲ್ಯೂಮ್ ಕೆಳಗಿನ ಮಟ್ಟದಲ್ಲೇ ನಿಂತಿರುತ್ತದೆ. ಫೋನಿನಲ್ಲಿ ಪೂರ್ತಿ ಏರಿಸಿದರೂ ಹಾಡು ಸಪ್ಪೆ. ಡಾಂಗಲ್ ಕೆಟ್ಟಿದೆ ಅಂತ ವಾಪಸ್ ಕೊಟ್ಟವರೂ ಇದ್ದಾರೆ. ಸ್ವಂತ ಡ್ರೈವರ್ ಇರುವ ಆಪ್‌ನಲ್ಲಿ ಹಾರ್ಡ್‌ವೇರ್ ವಾಲ್ಯೂಮ್ ಆನ್ ಮಾಡಿದರೆ ಅದು ಸರಿಯಾಗುತ್ತದೆ. ಆ ಡಾಂಗಲ್ 24 ಬಿಟ್, 48 ಕಿಲೋಹರ್ಟ್ಸ್‌ವರೆಗೆ ಮಾತ್ರ ಹೋಗುತ್ತದೆ. 96ರ ಹಾಡಿಗೆ ಅದರಲ್ಲಿ ಬಿಟ್-ಪರ್ಫೆಕ್ಟ್ ಹುಡುಕಿ ಫಲವಿಲ್ಲ.

ಹಾರ್ಡ್‌ವೇರ್ ವಾಲ್ಯೂಮ್ ಬಳಸಿದರೆ ಬಿಟ್‌ಗಳು ಕೆಡುವುದಿಲ್ಲ. ಹಾಡು ಇದ್ದ ಹಾಗೇ ಡಾಂಗಲ್ ತಲುಪುತ್ತದೆ, ಸದ್ದು ಇಳಿಯುವುದು ಡಾಂಗಲ್ ಒಳಗೆ. ಡಾಂಗಲ್ ಬಳಸುವವರಿಗೆ ನನ್ನ ಸಲಹೆ ಇದೇ.

ತೀರಾ ಜೋರು ಅನ್ನುವುದು ಇದರ ಉಲ್ಟಾ ಸಮಸ್ಯೆ. ಡ್ಯಾಕ್‌ನಲ್ಲಿ ತಿರುಗಣೆಯೂ ಇಲ್ಲ, ಹಾರ್ಡ್‌ವೇರ್ ವಾಲ್ಯೂಮೂ ಇಲ್ಲ ಅಂದರೆ ಅದಕ್ಕೆ ನೇರ ಇಯರ್‌ಫೋನ್ ಹಾಕಿ ಬಿಟ್-ಪರ್ಫೆಕ್ಟ್ ಕೇಳಬೇಡಿ. ನಡುವೆ ವಾಲ್ಯೂಮ್ ಇರುವ ಆಂಪ್ಲಿಫೈಯರ್ ಇರಬೇಕು. ಅದು ಇಲ್ಲದಿದ್ದರೆ ಬಿಟ್-ಪರ್ಫೆಕ್ಟ್ ಆಫ್ ಮಾಡಿ ಆಪ್‌ನ ವಾಲ್ಯೂಮ್ ಬಳಸಿ. 24 ಬಿಟ್‌ನ ಡ್ಯಾಕ್‌ನಲ್ಲಿ ಅದರಿಂದ ಆಗುವ ನಷ್ಟ ಕೇಳಿಸುವುದಿಲ್ಲ. ಕಿವಿ ಹೋದರೆ ಮಾತ್ರ ವಾಪಸ್ ಬರುವುದಿಲ್ಲ.

## ನಡುನಡುವೆ ಟಿಕ್ ಟಿಕ್, ಇಲ್ಲವೇ ಹಾಡು ಕಡಿದು ಹೋಗುತ್ತದೆ

ಯಾವಾಗ ಆಗುತ್ತದೆ ಅನ್ನುವುದನ್ನು ಗಮನಿಸಿ. ಕಾರಣ ಅದರಲ್ಲೇ ಸಿಗುತ್ತದೆ.

ಫೋನ್ ಕೈಯಲ್ಲಿ ಹಿಡಿದು ನಡೆಯುವಾಗ, ಕೇಬಲ್ ಅಲ್ಲಾಡಿದಾಗ ಆದರೆ ಪಿನ್ ಸಡಿಲ. ಬೇರೆ ಕೇಬಲ್ ಹಾಕಿ ನೋಡಿ. ಪರದೆ ಆರಿದ ಸ್ವಲ್ಪ ಹೊತ್ತಿಗೆ ಆದರೆ ಫೋನ್ ಬ್ಯಾಟರಿ ಉಳಿಸಲು ಆಪ್‌ನ ಕುತ್ತಿಗೆ ಹಿಸುಕುತ್ತಿದೆ. ಆಪ್‌ನ ಬ್ಯಾಟರಿ ಸೆಟ್ಟಿಂಗ್‌ಗೆ ಹೋಗಿ ನಿರ್ಬಂಧ ತೆಗೆಯಿರಿ. ಪರದೆ ಉರಿಯುತ್ತಿದ್ದಾಗಲೂ ಆಗೊಮ್ಮೆ ಈಗೊಮ್ಮೆ ಆದರೆ ಆಪ್‌ನಲ್ಲಿ ಬಫರ್ ಗಾತ್ರವನ್ನು ಒಂದು ಮೆಟ್ಟಿಲು ಜಾಸ್ತಿ ಮಾಡಿ. ಹಾಡು ಶುರುವಾಗುವುದು ಚೂರು ತಡವಾಗಬಹುದು, ಬೇರೆ ತೊಂದರೆ ಇಲ್ಲ. ಮೊಬೈಲ್ ಸಿಗ್ನಲ್ ಕಡಿಮೆ ಇರುವ ಜಾಗದಲ್ಲಿ ಟಿರ್ರ್ ಅನ್ನುವ ಸದ್ದು ಸೇರಿಕೊಂಡರೆ ಏರೋಪ್ಲೇನ್ ಮೋಡ್ ಹಾಕಿ ನೋಡಿ. ಸದ್ದು ನಿಂತರೆ ಅದು ಫೋನಿನ ರೇಡಿಯೋದಿಂದ ಬಂದದ್ದು. ಫೋನ್ ಮತ್ತು ಡಾಂಗಲ್ ನಡುವೆ ಕೇಬಲ್ ಸ್ವಲ್ಪ ಉದ್ದ ಇದ್ದರೆ ಅದು ಕಡಿಮೆಯಾಗುತ್ತದೆ.

44.1 ಮತ್ತು 96 ಚೆನ್ನಾಗಿ ಹಾಡಿ, 192 ಮಾತ್ರ ಹಾಡುವುದೇ ಇಲ್ಲ ಅಂದರೆ ಒಂದು ಲೆಕ್ಕ ಹಾಕಿ. ಹಳೆಯ ಯುಎಸ್‌ಬಿ ಆಡಿಯೋ ಕ್ಲಾಸ್ 1ರ ಡ್ಯಾಕ್‌ಗಳು ಮಿಲಿಸೆಕೆಂಡಿಗೆ ಒಂದು ಪೊಟ್ಟಣ ಡೇಟಾ ಪಡೆಯುತ್ತವೆ. ಆ ಪೊಟ್ಟಣದಲ್ಲಿ 1023 ಬೈಟ್‌ಗಿಂತ ಜಾಸ್ತಿ ಹಿಡಿಸುವುದಿಲ್ಲ. 24 ಬಿಟ್, 96ರ ಸ್ಟೀರಿಯೋ ಹಾಡಿಗೆ ಮಿಲಿಸೆಕೆಂಡಿಗೆ 96 ಸ್ಯಾಂಪಲ್, ಎರಡು ಚಾನೆಲ್, ತಲಾ 3 ಬೈಟ್, ಒಟ್ಟು 576 ಬೈಟ್ ಬೇಕು. ಹಿಡಿಸುತ್ತದೆ. 192ಕ್ಕೆ ಅದರ ಎರಡರಷ್ಟು, 1152 ಬೈಟ್ ಬೇಕು. ಹಿಡಿಸುವುದಿಲ್ಲ. ಕ್ಲಾಸ್ 2ರ ಡ್ಯಾಕ್‌ಗಳಿಗೆ ಈ ಅಡ್ಡಿ ಇಲ್ಲ. ಕೆಲವು ಡ್ಯಾಕ್‌ಗಳಲ್ಲಿ ಗೇಮ್ ಕನ್ಸೋಲ್‌ಗಳಿಗೆ ಅಂತ ಕ್ಲಾಸ್ 1ಕ್ಕೆ ಬದಲಿಸುವ ಮೋಡ್ ಇರುತ್ತದೆ. ಅದು ಗೊತ್ತಿಲ್ಲದೆ ಆನ್ ಆಗಿದೆಯಾ ಅಂತ ನೋಡಿ.

## ಶ್ರುತಿ ಏರಿದೆ, ಹಾಡು ಓಡುತ್ತಿದೆ

ಇದು ಅಪರೂಪ. ಆದರೆ ಸಂಗೀತ ಕೇಳುವ ಕಿವಿಗೆ ತಂಬೂರಿ ಶುರುವಾದ ಕ್ಷಣದಲ್ಲೇ ಗೊತ್ತಾಗುತ್ತದೆ. 44.1ರ ಹಾಡನ್ನು ಡ್ಯಾಕ್ 48ರ ವೇಗದಲ್ಲಿ ನುಡಿಸಿದರೆ ವೇಗ ಸುಮಾರು ನೂರಕ್ಕೆ 9ರಷ್ಟು ಏರುತ್ತದೆ. ಸಿ ಶ್ರುತಿಯಲ್ಲಿ ಇರಬೇಕಾದ ಕಛೇರಿ ಸಿ ಶಾರ್ಪ್ ಮತ್ತು ಡಿ ನಡುವೆ ಎಲ್ಲೋ ಕೇಳಿಸುತ್ತದೆ. ಉಲ್ಟಾ ಆದರೆ ಶ್ರುತಿ ಇಳಿದು ಹಾಡು ಎಳೆದಂತೆ ಇರುತ್ತದೆ.

ಆಪ್ ರೇಟ್ ಬದಲಿಸು ಅಂತ ಹೇಳಿದೆ, ಡ್ಯಾಕ್ ಬದಲಿಸಿಲ್ಲ ಅಂತ ಇದರ ಅರ್ಥ. ಹಾಡು ನಿಲ್ಲಿಸಿ, ಡ್ಯಾಕ್ ಕಿತ್ತು, ಆಪ್ ಪೂರ್ತಿ ಮುಚ್ಚಿ, ಮತ್ತೆ ಸಿಕ್ಕಿಸಿ. ಬೇರೆ ಬೇರೆ ರೇಟಿನ ಹಾಡುಗಳು ಒಂದಾದ ಮೇಲೊಂದು ಬಂದಾಗ ಮಾತ್ರ ಹೀಗಾದರೆ ಡ್ಯಾಕ್‌ನ ಫರ್ಮ್‌ವೇರ್ ಹೊಸದು ಇದೆಯಾ ಅಂತ ತಯಾರಕರ ತಾಣದಲ್ಲಿ ನೋಡಿ. ಅಪ್‌ಡೇಟನ್ನು ಸಾಮಾನ್ಯವಾಗಿ ಕಂಪ್ಯೂಟರ್‌ನಿಂದ ಮಾಡಬೇಕು. ಅದು ನಡೆಯುವಾಗ ಕೇಬಲ್ ಕಿತ್ತರೆ ಡ್ಯಾಕ್ ಮತ್ತೆ ಏಳದೇ ಇರಬಹುದು. ಕರೆಂಟ್ ಹೋಗುವ ಹೊತ್ತಿನಲ್ಲಿ ಆ ಕೆಲಸಕ್ಕೆ ಕೈ ಹಾಕಬೇಡಿ.

## ಗುಂಯ್ ಅನ್ನುವ ಸದ್ದು, ಮುಟ್ಟಿದರೆ ಜುಮ್ ಅನ್ನುತ್ತದೆ

ಡ್ಯಾಕನ್ನು ಮನೆಯ ಆಂಪ್ಲಿಫೈಯರ್‌ಗೆ ಹಾಕಿ, ಜೊತೆಗೆ ಫೋನನ್ನೋ ಡ್ಯಾಕನ್ನೋ ಚಾರ್ಜರ್‌ಗೆ ಹಾಕಿದಾಗ ಗುಂಯ್ ಸದ್ದು ಬರುವುದು ಸಾಮಾನ್ಯ. ಮೊದಲು ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಕಾರಣ ಚಾರ್ಜರ್. ಬೇರೆ ಚಾರ್ಜರ್ ಅಥವಾ ಪವರ್ ಬ್ಯಾಂಕ್ ಬಳಸಿ. ಫೋನಿನಿಂದ ಡ್ಯಾಕ್‌ನ ಬ್ಯಾಟರಿ ಚಾರ್ಜ್ ಆಗುತ್ತಿದ್ದರೆ, ಅದನ್ನು ನಿಲ್ಲಿಸುವ ಸ್ವಿಚ್ ಇದ್ದಲ್ಲಿ ಆಫ್ ಮಾಡಿ.

ಡ್ಯಾಕ್‌ನ ಲೋಹದ ಮೈ ಮುಟ್ಟಿದಾಗ ಬೆರಳಿಗೆ ಜುಮ್ ಅಂದರೆ ಅಲ್ಲಿಗೆ ನಿಲ್ಲಿಸಿ. ಎರಡು ಪಿನ್ನಿನ ಚಾರ್ಜರ್‌ಗಳಿಂದ ಸಣ್ಣದಾಗಿ ಸೋರುವ ಕರೆಂಟ್ ಇದಕ್ಕೆ ಕಾರಣ ಇರಬಹುದು. ಮನೆಯ ಸಾಕೆಟ್‌ಗೆ ಅರ್ತಿಂಗ್ ಇಲ್ಲದಿರುವುದೂ ಇರಬಹುದು. ಎರಡನೆಯದು ಅಪಾಯ. ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಅಳೆಸಿ. ಗುಂಯ್ ಸದ್ದು ಹೋಗಲಿ ಅಂತ ಆಂಪ್ಲಿಫೈಯರ್ ಪ್ಲಗ್‌ನ ದಪ್ಪ ಪಿನ್ನನ್ನು ಯಾವ ಕಾರಣಕ್ಕೂ ತೆಗೆಯಬೇಡಿ.

ಹಾಡುವಾಗ ಡಾಂಗಲ್ ಬೆಚ್ಚಗಾಗುವುದು ಮಾಮೂಲು. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾದರೆ, ಸುಟ್ಟ ವಾಸನೆ ಬಂದರೆ, ಬ್ಯಾಟರಿ ಇರುವ ಡ್ಯಾಕ್‌ನ ಮೈ ಉಬ್ಬಿದ್ದರೆ ಕಿತ್ತು ಪಕ್ಕಕ್ಕಿಡಿ, ಮತ್ತೆ ಸಿಕ್ಕಿಸಿ ಪರೀಕ್ಷೆ ಮಾಡಬೇಡಿ. ಉಬ್ಬಿದ್ದನ್ನು ಚಾರ್ಜ್ ಮಾಡಲೂ ಬೇಡಿ, ಬಿಚ್ಚಲೂ ಬೇಡಿ.

ಇಂಥ ಯಾವ ಅಪಾಯದ ಲಕ್ಷಣವೂ ಇಲ್ಲದೆ, ಬರೀ ಹಾಡುತ್ತಿಲ್ಲ ಅಂತ ರಿಪೇರಿಗೆ ಕೊಡುವುದಾದರೆ ಮೊದಲು ಡ್ಯಾಕನ್ನು ಒಂದು ಕಂಪ್ಯೂಟರ್‌ಗೂ, ನಿಮ್ಮ ಫೋನಿಗೆ ಬೇರೊಂದು ಡಾಂಗಲನ್ನೂ ಹಾಕಿ ನೋಡಿ. ಡ್ಯಾಕ್ ಕಂಪ್ಯೂಟರ್‌ನಲ್ಲೂ ಹಾಡದಿದ್ದರೆ ಡ್ಯಾಕನ್ನು ಒಯ್ಯಿರಿ. ನಿಮ್ಮ ಫೋನಿನಲ್ಲಿ ಬೇರೆ ಡಾಂಗಲ್ಲೂ ಹಾಡದಿದ್ದರೆ ಫೋನನ್ನು ಒಯ್ಯಿರಿ. ಎರಡೂ ಬೇರೆಬೇರೆಯಾಗಿ ಚೆನ್ನಾಗಿದ್ದು ಜೊತೆಯಾದಾಗ ಮಾತ್ರ ಹಾಡದಿದ್ದರೆ ಆ ಜೋಡಿಯೇ ಹೊಂದುತ್ತಿಲ್ಲ. ಆಗ ಫೋನಿನ ಮಾಡೆಲ್, ಆಂಡ್ರಾಯ್ಡ್ ಆವೃತ್ತಿ, ಯಾವ ಕೇಬಲ್, ಯಾವ ಆಪ್, ಎಷ್ಟು ರೇಟಿನ ಹಾಡಿನಲ್ಲಿ ಆಗುತ್ತಿದೆ ಅನ್ನುವ ಐದು ವಿಷಯ ಬರೆದು ಡ್ಯಾಕ್ ತಯಾರಕರಿಗೂ ಆಪ್ ಮಾಡಿದವರಿಗೂ ಕಳಿಸಿ.